ಡಾಲರ್ ಏರಿದ್ದು 57.5, ರೂಪಾಯಿ ಇಳಿದಿದ್ದು 36.5: ಒಂದೇ ದಿನ, ಎರಡೂ ಸರಿ

1966ರ ಜೂನ್ 6ರಂದು ಭಾರತ ಸರ್ಕಾರ ರೂಪಾಯಿಯ ಅಪಮೌಲ್ಯ ಮಾಡಿತು. ಅದಕ್ಕೆ ಮುಂಚೆ ಒಂದು ಡಾಲರಿಗೆ 4 ರೂಪಾಯಿ 76 ಪೈಸೆ ಇತ್ತು. ಅವತ್ತಿನಿಂದ 7 ರೂಪಾಯಿ 50 ಪೈಸೆ ಆಯಿತು. ಈ ಎರಡು ಸಂಖ್ಯೆಗಳನ್ನು ಬೋರ್ಡಿನ ಮೇಲೆ ಬರೆದು "ಎಷ್ಟು ಪರ್ಸೆಂಟ್ ಬದಲಾಯ್ತು?" ಅಂತ ಒಂಬತ್ತನೇ ತರಗತಿಯವರನ್ನು ಕೇಳಿದರೆ, ಬೇಗ ಲೆಕ್ಕ ಮಾಡುವವರು 57.5 ಅನ್ನುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು, "ಇಲ್ಲ ಸಾರ್, 36.5 ಅಂತ ಓದಿದೀನಿ" ಅಂತ ಎದ್ದು ನಿಲ್ಲುತ್ತಾರೆ. ಆಮೇಲೆ ಕ್ಲಾಸಿನಲ್ಲಿ ಜಗಳ.

ಇಬ್ಬರದ್ದೂ ಸರಿ. ಯಾಕೆ ಸರಿ ಅನ್ನೋದು ಗೊತ್ತಾದರೆ ಬೇರೆ ಬೇರೆ ಕರೆನ್ಸಿಯ ಲೆಕ್ಕದಲ್ಲಿ ಮುಕ್ಕಾಲು ಪಾಲು ತಪ್ಪು ತಾನಾಗೇ ನಿಲ್ಲುತ್ತದೆ. ಹಾಗಾಗಿ ಇಲ್ಲಿರುವ ಲೆಕ್ಕಗಳೆಲ್ಲ ಸುತ್ತಿ ಬಳಸಿ ಅದೇ ಪ್ರಶ್ನೆಗೆ ಬರುತ್ತವೆ.

ಹೆಚ್ಚಿನ ಲೆಕ್ಕಗಳಿಗೆ ಚಿನ್ನವನ್ನೇ ತಗೊಂಡಿದ್ದೇನೆ. ಕೋಲಾರ ಜಿಲ್ಲೆಯ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಸರಕು ಬೇರೆ ಇಲ್ಲ. ಕೆಜಿಎಫ್ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಆದರೆ ಅದಿರು ಅರೆದು ಚಿನ್ನ ತೆಗೆದ ಮೇಲೆ ಸುರಿದ ಬೂದು ಮಣ್ಣಿನ ಸೈನೈಡ್ ಗುಡ್ಡಗಳು ಇವತ್ತಿಗೂ ಊರ ಮಧ್ಯದಲ್ಲೇ ನಿಂತಿವೆ. ಇನ್ನೊಂದು ಕಾರಣವೂ ಇದೆ. ಚಿನ್ನದ ಬೆಲೆ ಹೊರಗೆ ಡಾಲರಿನಲ್ಲಿ, ಔನ್ಸಿನ ಲೆಕ್ಕದಲ್ಲಿ ನಡೆಯುತ್ತದೆ. ನಮಗೆ ಬೇಕಾಗುವುದು ರೂಪಾಯಿಯಲ್ಲಿ, ಗ್ರಾಂ ಲೆಕ್ಕದಲ್ಲಿ. ಕರೆನ್ಸಿ, ತೂಕ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಎಡವುವುದಕ್ಕೆ ಬೇಕಾದಷ್ಟು ಜಾಗ ಇದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 1990ಕ್ಕಿಂತ ಹಿಂದಿನ ದರಗಳು ನಿಜವಾಗಿ ಇದ್ದವು. ಈಚಿನ ಲೆಕ್ಕಗಳಲ್ಲಿ ಡಾಲರ್ 84 ರೂಪಾಯಿ ಅಂತೆಲ್ಲ ಬರುವುದು ಅಭ್ಯಾಸಕ್ಕೆ ಹಿಡಿದ ಸಂಖ್ಯೆ. ನಿಮ್ಮ ಪೇಪರಿನಲ್ಲಿ ಇವತ್ತು ಬೇರೆ ಇರುತ್ತದೆ.

ಲೆಕ್ಕ 1: ಆ 4.76 ಎಲ್ಲಿಂದ ಬಂತು?

ಆಗ ರೂಪಾಯಿಯನ್ನು ಅಳೆಯುತ್ತಿದ್ದದ್ದು ಡಾಲರಿನಿಂದ ಅಲ್ಲ, ಬ್ರಿಟಿಷ್ ಪೌಂಡಿನಿಂದ. ಒಂದು ರೂಪಾಯಿಗೆ 18 ಪೆನ್ಸ್ ಅಂತ ನಿಗದಿಯಾಗಿತ್ತು. ಹಳೆಯ ಪದ್ಧತಿಯಲ್ಲಿ ಒಂದು ಪೌಂಡಿಗೆ 240 ಪೆನ್ಸ್. 1949ರಿಂದ ಒಂದು ಪೌಂಡಿಗೆ 2.80 ಡಾಲರ್. ಈ ಮೂರು ವಿಷಯ ಗೊತ್ತಿದ್ದರೆ ಡಾಲರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇಲ್ಲಿ "ಗುಣಿಸಲಾ, ಭಾಗಿಸಲಾ?" ಅಂತ ಊಹೆ ಮಾಡುತ್ತಾ ಕೂರಬೇಡಿ. ಪ್ರತಿ ದರವನ್ನೂ ಭಿನ್ನರಾಶಿಯಂತೆ ಬರೆದುಕೊಳ್ಳಿ. ಯಾವುದು ಮೇಲೆ, ಯಾವುದು ಕೆಳಗೆ ಅಂತ ಹೆಸರು ಹಾಕಿ. ಮೊದಲು ಪೌಂಡಿಗೆ ಎಷ್ಟು ರೂಪಾಯಿ ಅಂತ ನೋಡೋಣ:

240 ಪೆನ್ಸ್/ಪೌಂಡ್ ÷ 18 ಪೆನ್ಸ್/ರೂಪಾಯಿ = 13.3333 ರೂ./ಪೌಂಡ್

ಪೆನ್ಸ್ ಎರಡೂ ಕಡೆ ಇದ್ದದ್ದು ಹೊಡೆದುಹೋಯಿತು. ಈಗ ಡಾಲರ್:

13.3333 ರೂ./ಪೌಂಡ್ ÷ 2.80 ಡಾಲರ್/ಪೌಂಡ್ = 4.7619 ರೂ./ಡಾಲರ್

ಪೌಂಡ್ ಹೊಡೆದುಹೋಯಿತು. ಕೊನೆಗೆ ಉಳಿದ ಹೆಸರು "ರೂ./ಡಾಲರ್". ನಮಗೆ ಬೇಕಾದದ್ದೂ ಅದೇ. ಉತ್ತರದ ಹೆಸರು ಬೇರೇನಾದರೂ ಬಂದಿದ್ದರೆ, ಉದಾಹರಣೆಗೆ "ರೂ.-ಡಾಲರ್/ಪೌಂಡ್-ಪೌಂಡ್" ಅಂತ ಬಂದಿದ್ದರೆ, ಭಾಗಿಸುವ ಕಡೆ ಗುಣಿಸಿದ್ದೀರಿ ಅಂತ ಅರ್ಥ. ಸಂಖ್ಯೆ ನೋಡಿ ಇದು ತಿಳಿಯುವುದಿಲ್ಲ, ಹೆಸರು ನೋಡಿದರೆ ತಕ್ಷಣ ತಿಳಿಯುತ್ತದೆ. ಪರೀಕ್ಷೆಯಲ್ಲಿ ಹೆಸರು ಬರೆಯದೆ ಬರೀ ಸಂಖ್ಯೆ ಬರೆಯುವವರ ಮೇಲೆ ನನಗೆ ಸ್ವಲ್ಪ ಸಿಟ್ಟು ಬರುವುದು ಇದಕ್ಕೇ.

ಲೆಕ್ಕ 2: ಒಂದು ತೊಲ ಚಿನ್ನಕ್ಕೆ ಎಷ್ಟು?

ಆ ಕಾಲದಲ್ಲಿ ಚಿನ್ನಕ್ಕೆ ದೇಶದೇಶಗಳ ನಡುವಿನ ಅಧಿಕೃತ ಬೆಲೆ ಔನ್ಸಿಗೆ 35 ಡಾಲರ್. 1934ರಲ್ಲಿ ಅಮೆರಿಕ ನಿಗದಿ ಮಾಡಿದ ಬೆಲೆ ಇದು. ಇದನ್ನು ಗ್ರಾಂಗೆ, ಆಮೇಲೆ ನಮ್ಮ ಅಜ್ಜಿಯಂದಿರ ತೊಲಕ್ಕೆ ತರಬೇಕು.

ಚಿನ್ನದ ಔನ್ಸ್ ಅಂದರೆ ಟ್ರಾಯ್ ಔನ್ಸ್, 31.1035 ಗ್ರಾಂ. ಒಂದು ತೊಲ ಅಂದರೆ 11.6638 ಗ್ರಾಂ.

35 ಡಾಲರ್/ಔನ್ಸ್ × 4.7619 ರೂ./ಡಾಲರ್ ÷ 31.1035 ಗ್ರಾಂ/ಔನ್ಸ್ = 5.3585 ರೂ./ಗ್ರಾಂ

ಡಾಲರ್ ಹೋಯಿತು, ಔನ್ಸ್ ಹೋಯಿತು, ರೂ./ಗ್ರಾಂ ಉಳಿಯಿತು. 10 ಗ್ರಾಂಗೆ 53 ರೂಪಾಯಿ 58 ಪೈಸೆ. ಇನ್ನು ತೊಲ:

5.3585 ರೂ./ಗ್ರಾಂ × 11.6638 ಗ್ರಾಂ/ತೊಲ = 62.50 ರೂ./ತೊಲ

ಇಷ್ಟು ಗುಂಡಾದ ಉತ್ತರ ಆಕಸ್ಮಿಕ ಅಲ್ಲ. 1956ರ ತಿದ್ದುಪಡಿಯ ನಂತರ ರಿಸರ್ವ್ ಬ್ಯಾಂಕ್ ತನ್ನ ಬಳಿಯ ಚಿನ್ನವನ್ನು ಲೆಕ್ಕದ ಪುಸ್ತಕದಲ್ಲಿ ಹಿಡಿಯುತ್ತಿದ್ದದ್ದು ತೊಲಕ್ಕೆ ಸರಿಯಾಗಿ 62 ರೂಪಾಯಿ 50 ಪೈಸೆಯಂತೆ. ಇದು ಪುಸ್ತಕದ ಬೆಲೆ ಮಾತ್ರ. ಅಂಗಡಿಯಲ್ಲಿ ಚಿನ್ನ ಆಗಲೂ ಇದಕ್ಕಿಂತ ಜಾಸ್ತಿಗೇ ಸಿಗುತ್ತಿತ್ತು. ಆದರೂ ಪೆನ್ಸಿನಿಂದ ಹೊರಟು, ಪೌಂಡು ಡಾಲರು ಔನ್ಸು ಎಲ್ಲ ದಾಟಿ, ಕಾನೂನಿನಲ್ಲಿ ಬರೆದ ಸಂಖ್ಯೆಗೇ ಬಂದು ತಲುಪಿದೆವು ಅಲ್ವಾ? ದಾರಿ ಸರಿ ಇದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು.

ಈ ಲೆಕ್ಕದಲ್ಲಿ ಎರಡು ಕಡೆ ಜಾರಬಹುದು.

ಮೊದಲನೆಯದು ಔನ್ಸ್. ಇಂಟರ್ನೆಟ್ಟಿನಲ್ಲಿ ಸುಮ್ನೆ ಔನ್ಸ್ ಅಂತ ಹುಡುಕಿದರೆ 28.35 ಗ್ರಾಂ ಅಂತ ಬರುತ್ತದೆ. ಅದು ಮಾಮೂಲಿ ಸಾಮಾನು ತೂಗುವ ಔನ್ಸ್. ಅದನ್ನು ಹಾಕಿದರೆ ತೊಲಕ್ಕೆ 68 ರೂಪಾಯಿ 57 ಪೈಸೆ ಬರುತ್ತದೆ, ಅಂದರೆ ಶೇಕಡಾ 9.7 ಜಾಸ್ತಿ. ನಿಮ್ಮ ಚಿನ್ನದ ಲೆಕ್ಕ ಯಾವಾಗಲೂ ಹತ್ತು ಪರ್ಸೆಂಟಿನ ಹತ್ತಿರ ಜಾಸ್ತಿ ಬರುತ್ತಿದ್ದರೆ ಮೊದಲು ಔನ್ಸ್ ನೋಡಿ.

ಎರಡನೆಯದು ಮಧ್ಯದಲ್ಲೇ ಅಂಕಿ ಕತ್ತರಿಸುವುದು. 4.7619 ಬದಲು 4.76 ಹಾಕಿ ನೋಡಿ. ತೊಲಕ್ಕೆ 62.47 ಬರುತ್ತದೆ. ಎರಡೂವರೆ ಪೈಸೆಗೆ ಯಾಕಿಷ್ಟು ಗಲಾಟೆ ಅನ್ನಬಹುದು. ಒಂದು ತೊಲಕ್ಕೆ ಎರಡೂವರೆ ಪೈಸೆ ಅಂದರೆ ಸಾವಿರ ತೊಲಕ್ಕೆ 25 ರೂಪಾಯಿ. ಆಗಿನ 25 ರೂಪಾಯಿ ಅಂದರೆ ಸುಮಾರು ಐದು ಗ್ರಾಂ ಚಿನ್ನ. ನಡುವಿನ ಹೆಜ್ಜೆಗಳಲ್ಲಿ ನಾಲ್ಕೈದು ದಶಮಾಂಶ ಇಟ್ಟುಕೊಂಡು, ಕೊನೆಯ ಸಾಲಿನಲ್ಲಿ ಮಾತ್ರ ಪೈಸೆಗೆ ಇಳಿಸಿ.

ಲೆಕ್ಕ 3: ಜಗಳ ಬಿಡಿಸುವುದು

ಈಗ ಜೂನ್ 6ಕ್ಕೆ ಬರೋಣ. ಡಾಲರ್ 4.7619ರಿಂದ 7.50ಕ್ಕೆ ಹೋಯಿತು. ಶೇಕಡಾ ಬದಲಾವಣೆ ಅಂದರೆ ವ್ಯತ್ಯಾಸವನ್ನು ಹಳೆಯದರಿಂದ ಭಾಗಿಸಿ ನೂರರಿಂದ ಗುಣಿಸುವುದು.

(7.50 − 4.7619) ÷ 4.7619 × 100 = 57.5

ಇದು ಡಾಲರಿನ ಬೆಲೆಯಲ್ಲಿ ಆದ ಏರಿಕೆ. ರೂಪಾಯಿಯ ಕಡೆಯಿಂದ ನೋಡಬೇಕಾದರೆ ಭಿನ್ನರಾಶಿಯನ್ನು ತಲೆಕೆಳಗು ಮಾಡಬೇಕು. ಒಂದು ರೂಪಾಯಿ ಕೊಟ್ಟರೆ ಎಷ್ಟು ಡಾಲರ್ ಸಿಗುತ್ತದೆ? ಹಿಂದೆ 1 ÷ 4.7619 = 0.21 ಡಾಲರ್, ಅಂದರೆ 21 ಸೆಂಟ್. ಆಮೇಲೆ 1 ÷ 7.50 = 0.1333, ಅಂದರೆ 13.33 ಸೆಂಟ್.

(21 − 13.33) ÷ 21 × 100 = 36.5

ಇದು ರೂಪಾಯಿಯ ಇಳಿಕೆ. ಘಟನೆ ಒಂದೇ. ಆದರೆ ಮೊದಲ ಸಾಲಿನಲ್ಲಿ ಭಾಗಿಸಿದ್ದು ಡಾಲರಿನ ಹಳೆಯ ಬೆಲೆಯಿಂದ, ಎರಡನೆಯ ಸಾಲಿನಲ್ಲಿ ರೂಪಾಯಿಯ ಹಳೆಯ ಬೆಲೆಯಿಂದ. ಕೆಳಗಿನ ಸಂಖ್ಯೆ ಬದಲಾದರೆ ಶೇಕಡಾವೂ ಬದಲಾಗುತ್ತದೆ.

"ಹಾಗಾದ್ರೆ ಯಾವ್ದನ್ನ ಬರೀಬೇಕು ಸಾರ್?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಯಾರ ಜೇಬಿನಿಂದ ನೋಡುತ್ತಿದ್ದೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಒಬ್ಬ ವ್ಯಾಪಾರಿ ಅಮೆರಿಕದ ಯಂತ್ರಕ್ಕೆ 1,000 ಡಾಲರ್ ಕೊಡಬೇಕಿತ್ತು ಅಂದುಕೊಳ್ಳಿ. ಅವನಿಗೆ ಹಿಂದೆ 4,762 ರೂಪಾಯಿ ಬೇಕಿತ್ತು, ಈಗ 7,500 ಬೇಕು. ಅವನ ಖರ್ಚು ಶೇಕಡಾ 57.5 ಜಾಸ್ತಿ ಆಯಿತು. ಇನ್ನೊಬ್ಬರು ಶಿಡ್ಲಘಟ್ಟದಲ್ಲಿ 100 ರೂಪಾಯಿಯ ರೇಷ್ಮೆ ಕಟ್ಟಿ ಹೊರದೇಶಕ್ಕೆ ಕಳಿಸುತ್ತಾರೆ ಅಂದುಕೊಳ್ಳಿ. ಅವರು ರೂಪಾಯಿ ಬೆಲೆ ಬದಲಿಸಲಿಲ್ಲ. ಅಲ್ಲಿ ಕೊಳ್ಳುವವರಿಗೆ ಹಿಂದೆ 21 ಡಾಲರ್ ಆಗುತ್ತಿದ್ದದ್ದು ಈಗ 13.33 ಡಾಲರ್. ಅವರಿಗೆ ಶೇಕಡಾ 36.5 ಅಗ್ಗವಾಯಿತು. ಯಂತ್ರ ಕೊಳ್ಳುವ ವ್ಯಾಪಾರಿಯ ಲೆಕ್ಕಕ್ಕೆ 36.5 ಹಾಕಿದರೆ ಅವನಿಗೆ ಬೇಕಾದ ದುಡ್ಡು 6,500 ಅಂತ ಬಂದು, ಸಾವಿರ ರೂಪಾಯಿ ಕಮ್ಮಿ ಬೀಳುತ್ತದೆ.

ಎರಡು ಶೇಕಡಾಗಳು ಒಂದಕ್ಕೊಂದು ಹೊಂದುತ್ತವೆಯೇ ಅಂತ ನೋಡಲು ಸುಲಭದ ದಾರಿ ಇದೆ. ಏರಿಕೆಯನ್ನು 1.575 ಅಂತ ಬರೆಯಿರಿ. ಇಳಿಕೆಯನ್ನು 1 − 0.365 = 0.635 ಅಂತ ಬರೆಯಿರಿ. ಎರಡನ್ನೂ ಗುಣಿಸಿ. ಉತ್ತರ 1 ಬರಬೇಕು, ಅಥವಾ ಅದರ ತೀರಾ ಹತ್ತಿರ. 1.575 × 0.635 = 1.0001. ಅಂದರೆ ಎರಡೂ ಒಂದೇ ಘಟನೆಯ ಎರಡು ಬದಿ.

ಇದನ್ನು ಚಿನ್ನದಿಂದಲೂ ಪರೀಕ್ಷೆ ಮಾಡಬಹುದು. 1966ಕ್ಕೆ ಮುಂಚೆ ಕಾನೂನಿನ ಪ್ರಕಾರ ಒಂದು ರೂಪಾಯಿಯ ಬೆಲೆ 0.186621 ಗ್ರಾಂ ಶುದ್ಧ ಚಿನ್ನ. ಆಮೇಲೆ 0.118489 ಗ್ರಾಂ. ಎಷ್ಟು ಪರ್ಸೆಂಟ್ ಇಳಿಕೆ? ಕ್ಯಾಲ್ಕುಲೇಟರ್ ಒತ್ತಿ ನೋಡಿ, 36.5. ಚಿನ್ನದ ಪುಸ್ತಕದ ಬೆಲೆ 10 ಗ್ರಾಂಗೆ 53.58ರಿಂದ 84.39ಕ್ಕೆ ಹೋಯಿತು. ಅದು ಎಷ್ಟು ಪರ್ಸೆಂಟ್ ಏರಿಕೆ? 57.5. ರಿಸರ್ವ್ ಬ್ಯಾಂಕ್ ಈ 84.39ನ್ನೇ 1990ರವರೆಗೂ ಲೆಕ್ಕದಲ್ಲಿ ಹಿಡಿದುಕೊಂಡಿತ್ತು. ಅಷ್ಟರಲ್ಲಿ ಹೊರಗಿನ ಬೆಲೆ ಎಲ್ಲಿಂದ ಎಲ್ಲಿಗೋ ಹೋಗಿತ್ತು, ಅದು ಬೇರೆ ಕತೆ.

ಲೆಕ್ಕ 4: ಎರಡು ಬದಲಾವಣೆ ಒಟ್ಟಿಗೆ ಬಂದರೆ

ಔನ್ಸಿನ ಬೆಲೆ 2,000 ಡಾಲರಿನಿಂದ 2,200ಕ್ಕೆ ಹೋಯಿತು. ಅದೇ ಹೊತ್ತಿಗೆ ಡಾಲರ್ 80 ರೂಪಾಯಿಯಿಂದ 84ಕ್ಕೆ ಹೋಯಿತು. ಇಲ್ಲಿ ಚಿನ್ನ ಎಷ್ಟು ಪರ್ಸೆಂಟ್ ದುಬಾರಿ ಆಯಿತು?

ಡಾಲರಿನಲ್ಲಿ ಏರಿದ್ದು ಶೇಕಡಾ 10, ಡಾಲರೇ ಏರಿದ್ದು ಶೇಕಡಾ 5. ಕೂಡಿಸಿ 15 ಅಂತ ಬರೆಯುವವರು ಬಹಳ ಜನ. ಪೂರ್ತಿ ಲೆಕ್ಕ ಮಾಡಿ ನೋಡೋಣ. ಮೊದಲು ಔನ್ಸಿಗೆ 2,000 × 80 = 1,60,000 ರೂಪಾಯಿ. ಆಮೇಲೆ 2,200 × 84 = 1,84,800 ರೂಪಾಯಿ. ಏರಿಕೆ 24,800. ಅದನ್ನು 1,60,000ದಿಂದ ಭಾಗಿಸಿದರೆ ಶೇಕಡಾ 15.5.

ಆ ಅರ್ಧ ಪರ್ಸೆಂಟ್ ಎಲ್ಲಿಂದ ಬಂತು? ಡಾಲರಿನ 5 ಪರ್ಸೆಂಟ್ ಏರಿಕೆ ಹಳೆಯ 2,000ದ ಮೇಲೆ ಮಾತ್ರ ಬೀಳಲಿಲ್ಲ, ಹೊಸದಾಗಿ ಸೇರಿದ 200 ಡಾಲರಿನ ಮೇಲೂ ಬಿತ್ತು. 10ರ ಮೇಲೆ 5 ಪರ್ಸೆಂಟ್ ಅಂದರೆ 0.5. ಚಿಕ್ಕದಾಗಿ ಬರೆದರೆ 1.10 × 1.05 = 1.155. ಗ್ರಾಂಗೆ ಇಳಿಸುವ 31.1035 ಎರಡೂ ಕಡೆ ಇರುವುದರಿಂದ ಅದನ್ನು ಮುಟ್ಟಲೇ ಬೇಕಾಗಿಲ್ಲ. ಶೇಕಡಾ ಕೇಳಿದಾಗ ಎರಡೂ ಕಡೆ ಒಂದೇ ಇರುವುದನ್ನೆಲ್ಲ ಬಿಟ್ಟುಬಿಡಬಹುದು. ಪರೀಕ್ಷೆಯಲ್ಲಿ ಹತ್ತು ನಿಮಿಷ ಉಳಿಯುತ್ತದೆ.

ಇದೇ ಜಾಗದಲ್ಲಿ ಇನ್ನೊಂದು ನಿಜವಾದ ಲೆಕ್ಕ. 2024ರ ಜುಲೈ ಬಜೆಟ್ಟಿನಲ್ಲಿ ಚಿನ್ನದ ಆಮದು ಸುಂಕವನ್ನು ಶೇಕಡಾ 15ರಿಂದ 6ಕ್ಕೆ ಇಳಿಸಿದರು. "ಚಿನ್ನ 9 ಪರ್ಸೆಂಟ್ ಅಗ್ಗ ಆಯ್ತು" ಅನ್ನುವ ಮಾತು ಅವತ್ತು ತುಂಬಾ ಓಡಾಡಿತು. ಸುಂಕದಿಂದ ಆಗುವ ವ್ಯತ್ಯಾಸವನ್ನು ಮಾತ್ರ ನೋಡೋಣ. ಹೊರಗಿನ ಬೆಲೆ 100 ಇದ್ದರೆ, ಹಿಂದೆ ಸುಂಕ ಸೇರಿ 115, ಈಗ 106. ಇಳಿದದ್ದು 9 ರೂಪಾಯಿ. ಆದರೆ ಕೊಳ್ಳುವವರು ಹಿಂದೆ ಕೊಡುತ್ತಿದ್ದದ್ದು 100 ಅಲ್ಲ, 115.

9 ÷ 115 × 100 = 7.83

ಅಂದರೆ ಕೊಳ್ಳುವವರಿಗೆ ಅಗ್ಗವಾದದ್ದು ಶೇಕಡಾ 7.83. ಆ 9 ಏನು ಹಾಗಾದರೆ? ಅದು ಸುಂಕದ ದರದಲ್ಲಿ ಕಮ್ಮಿಯಾದ ಪರ್ಸೆಂಟೇಜ್ ಪಾಯಿಂಟ್, ಅಂದರೆ ಒಂದು ಶೇಕಡಾ ದರದಿಂದ ಇನ್ನೊಂದನ್ನು ನೇರವಾಗಿ ಕಳೆದಾಗ ಸಿಗುವ ವ್ಯತ್ಯಾಸ. ಸುಂಕವನ್ನೇ ತಗೊಂಡರೆ 15ರಿಂದ 6ಕ್ಕೆ ಇಳಿದದ್ದು ಶೇಕಡಾ 60. ಒಂದೇ ಸುದ್ದಿಗೆ 9, 60, 7.83 ಅಂತ ಮೂರು ಸಂಖ್ಯೆ. ಮೂರೂ ಸರಿ, ಆದರೆ ಸರ ಮಾಡಿಸಲು ಹೊರಟವರಿಗೆ ಬೇಕಾದದ್ದು ಮೂರನೆಯದು ಮಾತ್ರ. ಇದರ ಮೇಲೆ ಬೀಳುವ ಶೇಕಡಾ 3ರ ಜಿಎಸ್‌ಟಿ ಹಿಂದೆಯೂ ಇತ್ತು, ಆಮೇಲೂ ಇತ್ತು. ಹಾಗಾಗಿ ಅದು ಹೊಡೆದುಹೋಗುತ್ತದೆ.

ಲೆಕ್ಕ 5: ಶೂ ಎಲ್ಲಿ ಅಗ್ಗ?

ಇನ್ನು ಹೋಲಿಕೆಯ ಲೆಕ್ಕ. ಚಿನ್ನ ಇಲ್ಲಿಗೆ ಬೇಡ, ಅದರ ಜೊತೆ ಸುಂಕ, ಮಜೂರಿ ಎಲ್ಲ ಬಂದು ಗೋಜಲಾಗುತ್ತದೆ. ಬಂಗಾರಪೇಟೆಯ ಒಬ್ಬ ಹುಡುಗಿಗೆ ಓಟದ ಶೂ ಬೇಕು ಅಂದುಕೊಳ್ಳಿ. ಅವಳ ಚಿಕ್ಕಪ್ಪ ದುಬೈನಲ್ಲಿ ಕೆಲಸ ಮಾಡುತ್ತಾರೆ, ಮುಂದಿನ ತಿಂಗಳು ಊರಿಗೆ ಬರುತ್ತಾರೆ. ಅವಳ ಅಮ್ಮ ಫೋನಿನಲ್ಲಿ ವಿಚಾರಿಸುತ್ತಾರೆ.

"ಅಲ್ಲಿ ಎಷ್ಟಂತಪ್ಪ ಅದು?"

"235 ದಿರ್ಹಮ್ ಅತ್ತಿಗೆ. ಟ್ಯಾಕ್ಸ್ ಎಲ್ಲಾ ಸೇರಿ."

"ನಮ್ಮ ದುಡ್ಡಲ್ಲಿ ಹೇಳು."

ಅದೇ ಶೂ ಕೋಲಾರದ ಅಂಗಡಿಯಲ್ಲಿ ಎಂಆರ್‌ಪಿ 5,999. ಶೇಕಡಾ 10 ರಿಯಾಯಿತಿ ಇದೆ. ಎಂಆರ್‌ಪಿಯಲ್ಲಿ ತೆರಿಗೆ ಸೇರಿರುತ್ತದೆ, ಹಾಗಾಗಿ ಮೇಲೆ ಇನ್ನೇನೂ ಕೂಡಿಸಬೇಡಿ. 5,999 × 0.90 = 5,399.10 ರೂಪಾಯಿ.

ದಿರ್ಹಮಿಗೆ ಎಷ್ಟು ರೂಪಾಯಿ ಅಂತ ಅವಳಿಗೆ ಗೊತ್ತಿಲ್ಲ. ಆದರೆ ಡಾಲರ್ 84 ಅಂತ ಗೊತ್ತು. ಅಷ್ಟು ಸಾಕು. 1997ರಿಂದ ದಿರ್ಹಮನ್ನು ಡಾಲರಿಗೆ ಕಟ್ಟಿಹಾಕಿದ್ದಾರೆ. ಒಂದು ಡಾಲರಿಗೆ 3.6725 ದಿರ್ಹಮ್, ಅದು ಅಲುಗಾಡುವುದಿಲ್ಲ.

235 ದಿರ್ಹಮ್ ÷ 3.6725 ದಿರ್ಹಮ್/ಡಾಲರ್ × 84 ರೂ./ಡಾಲರ್ = 5,375.09 ರೂ.

ದುಬೈ 24 ರೂಪಾಯಿ ಅಗ್ಗ ಅಂತ ಕಾಣುತ್ತದೆ. ಪಠ್ಯಪುಸ್ತಕದ ಲೆಕ್ಕ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಲೆಕ್ಕ ಇಲ್ಲಿ ಶುರು. ಯಾಕೆಂದರೆ ಟಿವಿಯಲ್ಲಿ ಬರುವ ಆ 84ಕ್ಕೆ ನಿಮಗೆ ಯಾರೂ ಡಾಲರ್ ಕೊಡುವುದಿಲ್ಲ. ಅದು ದೊಡ್ಡ ಬ್ಯಾಂಕುಗಳ ನಡುವಿನ ದರ. ದುಡ್ಡು ಬದಲಿಸಿಕೊಡುವವರು ನಿಮಗೆ ಮಾರುವಾಗ ಸ್ವಲ್ಪ ಮೇಲೆ ಹೇಳುತ್ತಾರೆ, ನಿಮ್ಮಿಂದ ಕೊಳ್ಳುವಾಗ ಸ್ವಲ್ಪ ಕೆಳಗೆ ಹೇಳುತ್ತಾರೆ. ಆ ವ್ಯತ್ಯಾಸದಲ್ಲೇ ಅವರ ಅಂಗಡಿ ನಡೆಯಬೇಕು.

ಹಾಗಾಗಿ ಯಾರು, ಹೇಗೆ ದುಡ್ಡು ಕೊಡುತ್ತಾರೆ ಅಂತ ಕೇಳಬೇಕು. ಎರಡು ದಾರಿ ನೋಡೋಣ.

ಒಂದು, ಅಮ್ಮ ಇಲ್ಲಿಂದಲೇ ತಮ್ಮ ಕಾರ್ಡಿನಲ್ಲಿ ದುಬೈ ಅಂಗಡಿಗೆ ಆನ್‌ಲೈನ್‌ನಲ್ಲಿ ಕೊಟ್ಟು, ಶೂವನ್ನು ಚಿಕ್ಕಪ್ಪನ ಮನೆಗೆ ಕಳಿಸುವುದು. ಹೊರದೇಶದ ಕರೆನ್ಸಿಯಲ್ಲಿ ಕೊಟ್ಟರೆ ಹಲವು ಕಾರ್ಡುಗಳು ಶೇಕಡಾ 3.5 ಹೆಚ್ಚುವರಿ ಶುಲ್ಕ ಹಾಕುತ್ತವೆ. ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. ಇಲ್ಲಿ ಕೆಲವರು 3.5 + 18 = 21.5 ಅಂತ ಕೂಡಿಸಿಬಿಡುತ್ತಾರೆ. ಜಿಎಸ್‌ಟಿ ಬೀಳುವುದು ಶುಲ್ಕದ ಮೇಲೆ ಮಾತ್ರ, ಶೂ ಬೆಲೆಯ ಮೇಲಲ್ಲ. 3.5 × 1.18 = 4.13. ಅಂದರೆ ಒಟ್ಟು ಹೊರೆ ಶೇಕಡಾ 4.13.

5,375.09 × 1.0413 = 5,597.08 ರೂ.

ಕೋಲಾರಕ್ಕಿಂತ 198 ರೂಪಾಯಿ ಜಾಸ್ತಿ ಆಯಿತು.

ಇನ್ನೊಂದು, ಚಿಕ್ಕಪ್ಪ ತಮ್ಮ ಸಂಬಳದ ದಿರ್ಹಮಿನಲ್ಲೇ ಕೊಟ್ಟು ತರುವುದು. ಆಗ ಈ ಮನೆಗೆ ಆದ ನಿಜವಾದ ಖರ್ಚು ಎಷ್ಟು? ಶೂ ಕೊಳ್ಳದಿದ್ದರೆ ಅವರು ಆ 235 ದಿರ್ಹಮನ್ನು ಊರಿಗೆ ಕಳಿಸುತ್ತಿದ್ದರು. ಕಳಿಸುವಾಗ ಅವರಿಗೆ ಸಿಗುವ ದರ ದಿರ್ಹಮಿಗೆ 22.65 ಅಂತಿಟ್ಟುಕೊಳ್ಳಿ.

235 × 22.65 = 5,322.75 ರೂ.

ಕೋಲಾರದ ಬೆಲೆಗಿಂತ 76 ರೂಪಾಯಿ 35 ಪೈಸೆ ಕಮ್ಮಿ, ಶೇಕಡಾ ಲೆಕ್ಕದಲ್ಲಿ 1.4. ಬೆಲೆಚೀಟಿ ಒಂದೇ, 235. ದುಡ್ಡು ಹೋಗುವ ದಾರಿ ಬದಲಾದಂತೆ ಉತ್ತರ ತಲೆಕೆಳಗಾಯಿತು.

ದರ ದಿನಾ ಬದಲಾಗುವುದರಿಂದ ಇನ್ನೊಂದು ಪ್ರಶ್ನೆ ಕೇಳುವುದು ಒಳ್ಳೆಯದು: ದಿರ್ಹಮ್ ಎಷ್ಟಾದರೆ ಎರಡೂ ಸಮ? 5,399.10 ÷ 235 = 22.97. ನಿಮಗೆ ಬೀಳುವ ದರ 22.97ಕ್ಕಿಂತ ಕಮ್ಮಿ ಇದ್ದರೆ ದುಬೈ, ಜಾಸ್ತಿ ಇದ್ದರೆ ಕೋಲಾರ. ಕಾರ್ಡಿನ ದಾರಿಯಲ್ಲಿ ಶುಲ್ಕ ಸೇರಿ ದಿರ್ಹಮಿಗೆ ಬಿದ್ದದ್ದು 5,597.08 ÷ 235 = 23.82. 22.97 ಅನ್ನುವ ಒಂದು ಸಂಖ್ಯೆ ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಪ್ರತಿದಿನ ಪೂರ್ತಿ ಲೆಕ್ಕ ಮಾಡುವ ತೊಂದರೆ ಇಲ್ಲ.

ಇದೇ ಶೂ ಟೋಕಿಯೊದಲ್ಲಿ ತೆರಿಗೆ ಸೇರಿ 10,780 ಯೆನ್. ಪೇಪರಿನಲ್ಲಿ ಯೆನ್ ದರ 56 ಅಂತ ಇದೆ ಅಂದುಕೊಳ್ಳಿ. ಗುಣಿಸಿದರೆ 6,03,680 ರೂಪಾಯಿ! ಆರು ಲಕ್ಷದ ಶೂ ಹಾಕಿಕೊಂಡು ಯಾರೂ ಓಡುವುದಿಲ್ಲ, ಅಲ್ಲೇ ಅನುಮಾನ ಬರಬೇಕು. ನಮ್ಮಲ್ಲಿ ಯೆನ್ ದರವನ್ನು ಕೊಡುವುದು 100 ಯೆನ್ನಿಗೆ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ ರೇಟು ಅಂದರೆ 15 ಕೆಜಿ ಬಾಕ್ಸಿಗೆ ಅಂತ ಹೇಗೆ ಎಲ್ಲರಿಗೂ ಗೊತ್ತೋ ಹಾಗೆ. ಯೆನ್ನಿಗೆ 0.56 ಹಿಡಿದರೆ 10,780 × 0.56 = 6,036.80 ರೂಪಾಯಿ. ಟೋಕಿಯೊ ಈ ಪಂದ್ಯದಲ್ಲಿ ಹಿಂದೆ ಬಿತ್ತು.

ನೀವೇ ಮಾಡಿ ನೋಡಿ

ಅ) ಕುವೈತಿನಲ್ಲಿ ಒಂದು ಡಬ್ಬಿ ಖರ್ಜೂರಕ್ಕೆ 4.250 ದಿನಾರ್ ಅಂತ ಬರೆದಿದೆ. ದಿನಾರಿಗೆ 273 ರೂಪಾಯಿ ಆದರೆ ಎಷ್ಟು?

ಆ) 1949ರ ಸೆಪ್ಟೆಂಬರಿನಲ್ಲಿ ಪೌಂಡ್ 4.03 ಡಾಲರಿನಿಂದ 2.80 ಡಾಲರಿಗೆ ಇಳಿಯಿತು. ಪೌಂಡ್ ಎಷ್ಟು ಪರ್ಸೆಂಟ್ ಇಳಿಯಿತು? ಲಂಡನ್ನಿನವರಿಗೆ ಡಾಲರ್ ಎಷ್ಟು ಪರ್ಸೆಂಟ್ ಏರಿತು?

ಇ) ಚಿನ್ನ ಡಾಲರಿನಲ್ಲಿ ಶೇಕಡಾ 8 ಏರಿತು, ಡಾಲರ್ 84 ರೂಪಾಯಿಯಿಂದ 81ಕ್ಕೆ ಇಳಿಯಿತು. ಇಲ್ಲಿ ಚಿನ್ನ ಏರಿತೋ ಇಳಿಯಿತೋ, ಎಷ್ಟು?

ಈ) ನಮ್ಮ 1 ರೂಪಾಯಿಗೆ ನೇಪಾಳದ 1.60 ರೂಪಾಯಿ. 1993ರಿಂದ ಈ ದರ ಬದಲಾಗಿಲ್ಲ. ಕಠ್ಮಂಡುವಿನಲ್ಲಿ ಒಂದು ರೂಮಿಗೆ 2,000 ಅಂದರೆ ನಮ್ಮ ಲೆಕ್ಕದಲ್ಲಿ ಎಷ್ಟು? ನಮ್ಮ ರೂಪಾಯಿ ಅವರದ್ದಕ್ಕಿಂತ ಎಷ್ಟು ಪರ್ಸೆಂಟ್ ಮೇಲೆ, ಅವರದ್ದು ನಮ್ಮದಕ್ಕಿಂತ ಎಷ್ಟು ಪರ್ಸೆಂಟ್ ಕೆಳಗೆ?

ಉತ್ತರಗಳನ್ನು ನೋಡುವ ಮೊದಲು ಪೆನ್ನು ಹಿಡಿಯಿರಿ.

ಅ) 1,160 ರೂಪಾಯಿ 25 ಪೈಸೆ. ದಿನಾರಿಗೆ ನೂರಲ್ಲ, ಸಾವಿರ ಫಿಲ್ಸ್. ಅದಕ್ಕೇ ಚುಕ್ಕಿಯ ನಂತರ ಮೂರು ಅಂಕಿ. 4.250 ಅಂದರೆ 4 ದಿನಾರ್ 250 ಫಿಲ್ಸ್. ಅದನ್ನು ನಾಲ್ಕು ಸಾವಿರದ ಇನ್ನೂರೈವತ್ತು ಅಂತ ಓದಿದವರಿಗೆ ಖರ್ಜೂರ ಹನ್ನೊಂದು ಲಕ್ಷ ದಾಟಿರುತ್ತದೆ.

ಆ) ಪೌಂಡ್ ಇಳಿದದ್ದು 1.23 ÷ 4.03, ಅಂದರೆ ಶೇಕಡಾ 30.5. ಡಾಲರ್ ಏರಿದ್ದು 4.03 ÷ 2.80 = 1.439, ಅಂದರೆ ಶೇಕಡಾ 43.9. ಗುಣಿಸಿ ನೋಡಿ: 0.695 × 1.439 = 1.0001. ಇಳಿಕೆ ದೊಡ್ಡದಾದಷ್ಟೂ ಈ ಎರಡು ಶೇಕಡಾಗಳ ನಡುವಿನ ಅಂತರವೂ ದೊಡ್ಡದಾಗುತ್ತದೆ. ಇಳಿಕೆ ಶೇಕಡಾ 1 ಆಗಿದ್ದರೆ ಏರಿಕೆ 1.01, ವ್ಯತ್ಯಾಸ ಕಣ್ಣಿಗೂ ಬೀಳುವುದಿಲ್ಲ. ಇಳಿಕೆ ಶೇಕಡಾ 50 ಆದರೆ ಏರಿಕೆ 100.

ಇ) 1.08 × 81 ÷ 84 = 1.0414. ಏರಿದ್ದು ಶೇಕಡಾ 4.14. ರೂಪಾಯಿ ಗಟ್ಟಿಯಾದದ್ದರಿಂದ ಏರಿಕೆ ಹತ್ತಿರ ಹತ್ತಿರ ಅರ್ಧಕ್ಕೆ ಬಂತು, ಆದರೂ ಇಳಿಕೆ ಆಗಲಿಲ್ಲ.

ಈ) 2,000 ÷ 1.60 = 1,250 ರೂಪಾಯಿ. ನಮ್ಮದು ಶೇಕಡಾ 60 ಮೇಲೆ, ಅವರದ್ದು ಶೇಕಡಾ 37.5 ಕೆಳಗೆ. 1.60 × 0.625 = 1, ಸರಿಯಾಯಿತು. ಆದರೆ ಲೆಕ್ಕಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ. ಎರಡೂ ದೇಶದ ದುಡ್ಡಿಗೆ ರೂಪಾಯಿ ಅಂತಲೇ ಹೆಸರು. ಅಲ್ಲಿನ ಅಂಗಡಿಯವರು ನಮ್ಮ ದುಡ್ಡಿಗೆ ಐಸಿ, ಅವರ ದುಡ್ಡಿಗೆ ಎನ್‌ಸಿ ಅನ್ನುತ್ತಾರೆ. ಆ 2,000 ಐಸಿ ಆಗಿದ್ದರೆ ಭಾಗಿಸಿದವರು 750 ರೂಪಾಯಿ ಕಮ್ಮಿ ಇಟ್ಟುಕೊಂಡು ಕೌಂಟರಿನ ಮುಂದೆ ನಿಂತಿರುತ್ತಾರೆ.